ಹಲ್ಲು ನೋಡಿ ಬೆಲೆ ಕಟ್ಟಿದರು

2023ರ ಜೂನ್ 24, ಶನಿವಾರ. ಬಕ್ರೀದ್‌ಗೆ ಇನ್ನೂ ಐದು ದಿನ. ಅಮೀನಗಡದ ಸಂತೆಯಲ್ಲಿ ನಾನೂ ನನ್ನ ತಮ್ಮನೂ ಎಂಟು ಗಂಡು ಮರಿ ಹಿಡಿದುಕೊಂಡು ನಿಂತಿದ್ದೆವು. ಒಂದೊಂದೂ 27 ಕೆಜಿ ಆಸುಪಾಸು. ಆರೂವರೆ ತಿಂಗಳಿಗೆ ಇಷ್ಟು ತೂಕ ನಮ್ಮೂರಲ್ಲಿ ಯಾರ ಮರಿಗೂ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಕೂತು ನಾನು ಮಾಡಿದ ಎಕ್ಸೆಲ್ ಶೀಟಿನ ಪ್ರಕಾರ ಒಂದೊಂದಕ್ಕೆ 16 ಸಾವಿರ ಬರಬೇಕಿತ್ತು. ಆ ದುಡ್ಡಲ್ಲಿ ತಮ್ಮ ಸಂಘದ ಸಾಲ ತೀರಿಸುವವನಿದ್ದ.

ವಯಸ್ಸಾದ ವ್ಯಾಪಾರಿಯೊಬ್ಬರು ಬಂದರು. ಬೆನ್ನು ಮುಟ್ಟಿ ನೋಡಿದರು, ಖುಷಿಯಾದರು. ಆಮೇಲೆ ಬಾಯಿ ತೆಗೆದು ನೋಡಿದರು.

“ತಮ್ಮಾ, ಇವೆಲ್ಲಾ ಹಾಲಹಲ್ಲಿನವು. ಮಾಂಸಕ್ಕಾದ್ರ ತಗೋತೀನಿ. ಹಬ್ಬಕ್ಕ ಆಗಂಗಿಲ್ಲ.”

ಕೊಟ್ಟ ರೇಟು ಒಂಬತ್ತೂವರೆ ಸಾವಿರ. ತಮ್ಮ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ತಪ್ಪು ಎಲ್ಲಾಯಿತು ಅಂತ ಹೇಳೋಕೆ ಮೊದಲು, ಸರಿ ಆಗಿದ್ದು ಏನು ಅಂತ ಹೇಳಿಬಿಡುತ್ತೇನೆ. ನಮ್ಮದು ಕೆಂಗುರಿ ಕುರಿ. ಮರಿಗಳು ಹುಟ್ಟಿದ್ದು 2022ರ ಡಿಸೆಂಬರ್‌ನಲ್ಲಿ, ಸುಮಾರು ಮೂರು ಕೆಜಿ ತೂಕ. ತಾಯಿಯ ಹಾಲು ಮೂರು-ನಾಲ್ಕು ವಾರಕ್ಕೆ ಗರಿಷ್ಠ ಮುಟ್ಟಿ ಆಮೇಲೆ ಇಳಿಯುತ್ತದೆ, ಆದರೆ ಮರಿಯ ಹಸಿವು ಏರುತ್ತಲೇ ಹೋಗುತ್ತದೆ. ಆ ಅಂತರ ತುಂಬುವುದೇ ಕ್ರೀಪ್ ಫೀಡಿಂಗ್. ದೊಡ್ಡಿಯ ಒಂದು ಮೂಲೆಗೆ ಕಟ್ಟಿಗೆಯ ಅಡ್ಡ ಕಟ್ಟಿ, ಒಂದು ಗೇಣಿಗಿಂತ ಚೂರು ಕಡಿಮೆ ಅಗಲದ ಸಂದಿ ಬಿಟ್ಟೆವು. ಮರಿ ನುಗ್ಗುತ್ತದೆ, ತಾಯಿ ನುಗ್ಗಲಾರದು. ಒಳಗೆ ನುಚ್ಚು ಒಡೆದ ಗೋವಿನಜೋಳ, ಶೇಂಗಾ ಹಿಂಡಿ, ಗೋಧಿ ಬೂಸಾ, ಸ್ವಲ್ಪ ಖನಿಜ ಮಿಶ್ರಣ, ಉಪ್ಪು. ಹಿಟ್ಟು ಮಾಡಬಾರದು, ಮೂಗಿಗೆ ಹೋಗಿ ಮರಿ ಬೇಡ ಅನ್ನುತ್ತದೆ.

ಹದಿನೈದನೇ ದಿನಕ್ಕೆ ಶುರು ಮಾಡಿದಾಗ ತಿನ್ನುವುದಕ್ಕಿಂತ ಮೂಸುವುದೇ ಹೆಚ್ಚು. ಆದರೂ ದಿನಾ ಹಳೆಯದು ತೆಗೆದು ಹೊಸದು ಹಾಕಬೇಕು, ಯಾಕೆಂದರೆ ಆ ಒಂದು ಚಿಟಿಕೆ ಕಾಳಿನಿಂದಲೇ ಮರಿಯ ಮೆಲುಕಿನ ಹೊಟ್ಟೆ ಬೆಳೆಯಲು ಶುರುವಾಗುವುದು. ಆರು ವಾರ ದಾಟಿದ ಮೇಲೆ ದಿನಕ್ಕೆ 200 ಗ್ರಾಂ ತಿನ್ನತೊಡಗಿದವು. ಮೂರು ತಿಂಗಳಿಗೆ ಹಾಲು ಬಿಡಿಸಿದಾಗ ತೂಕ 15 ಕೆಜಿ. ಅಂದರೆ 90 ದಿನಕ್ಕೆ 12 ಕೆಜಿ, ದಿನಕ್ಕೆ 133 ಗ್ರಾಂ.

ತಮ್ಮ ಪ್ರತಿ ಭಾನುವಾರ ಬೆಳಿಗ್ಗೆ, ಮೇವು ಹಾಕುವ ಮೊದಲು, ತೂಗುತಕ್ಕಡಿಗೆ ಹಾಕಿ ಫೋಟೋ ಕಳಿಸುತ್ತಿದ್ದ. ಮೇವು, ನೀರು ಆದ ಮೇಲೆ ತೂಗಿದರೆ ಹೊಟ್ಟೆಯಲ್ಲಿರೋದೇ ಒಂದೆರಡು ಕೆಜಿ ತೋರಿಸುತ್ತದೆ. ಹಾಗಾಗಿ ಒಂದು ವಾರದ ಅಂಕಿ ನಂಬದೆ ಎರಡು ವಾರದ ಸರಾಸರಿ ನೋಡುತ್ತಿದ್ದೆ. ಗ್ರಾಫ್ ಏಣಿಯ ಹಾಗೆ ಏರುತ್ತಿತ್ತು. ನನಗೆ ಪ್ರಾಜೆಕ್ಟ್ ರಿಲೀಸ್ ಆದಷ್ಟೇ ಸಂತೋಷ.

ಶೀಟಿನಲ್ಲಿ ಇಲ್ಲದ ಕಾಲಂ ಒಂದೇ: ವಯಸ್ಸು. ಕುರ್ಬಾನಿಯ ಪ್ರಾಣಿಗೆ ವರ್ಷ ತುಂಬಿರಬೇಕು. ವರ್ಷದ್ದರ ಹಾಗೆ ಕಾಣುವ ಆರು ತಿಂಗಳ ಕುರಿಯೂ ನಡೆಯುತ್ತದೆ ಎನ್ನುವವರಿದ್ದಾರೆ. ಆದರೆ ಸಂತೆಯಲ್ಲಿ ಬರ್ತ್ ಸರ್ಟಿಫಿಕೇಟ್ ಯಾರ ಹತ್ತಿರ ಇದೆ? ಹಲ್ಲೇ ದಾಖಲೆ. ಮುಂದಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುವುದು ವರ್ಷದಿಂದ ಒಂದೂವರೆ ವರ್ಷದ ನಡುವೆ. ಎಷ್ಟು ಹಿಂಡಿ ಹಾಕಿದರೂ ಹಲ್ಲು ಬೇಗ ಬರುವುದಿಲ್ಲ. ಜೊತೆಗೆ ಕೋಡು ಬುಡದಿಂದ ಮುರಿದಿರಬಾರದು, ಕುಂಟಬಾರದು, ಕಣ್ಣು ಹೋಗಿರಬಾರದು. ಹಬ್ಬದ ರೇಟು ಸಿಗುವುದು ಇಷ್ಟೂ ಇದ್ದಾಗ.

ಐದು ಮಾರಿ, ಮೂರು ಉಳಿಸಿಕೊಂಡೆವು. ಮಳೆಗಾಲವಿಡೀ ಕಾಳು ಹಾಕಲಿಲ್ಲ, ಬರೀ ಮೇಯಿಸಿದೆವು. ದಿನಕ್ಕೆ 35-40 ಗ್ರಾಂ ಬಂದರೆ ಸಾಕು, ಕಾಲ ಕಳೆಯಬೇಕಿತ್ತಷ್ಟೇ. 2024ರ ಬಕ್ರೀದ್ ಜೂನ್ 17ಕ್ಕೆ. ಈ ಸಲ ಹಿಂದಿನಿಂದ ಲೆಕ್ಕ ಹಾಕಿದೆ. ಹಬ್ಬಕ್ಕೆ ಎರಡು ದಿನ ಮುಂಚಿನ ಸಂತೆಗೆ ಹೋದರೆ ಬೆಂಗಳೂರಿಗೆ ಲಾರಿ ತುಂಬುವ ವ್ಯಾಪಾರಿ ಆಗಲೇ ಹೊರಟಿರುತ್ತಾನೆ. ಹಾಗಾಗಿ ಜೂನ್ 8ರ ಸಂತೆ. ಅಲ್ಲಿಂದ 80 ದಿನ ಹಿಂದೆ, ಮಾರ್ಚ್ 20ಕ್ಕೆ ಕೊಬ್ಬಿಸುವುದು ಶುರು. ಆಗ ತೂಕ 37 ಕೆಜಿ, ಗುರಿ 45. ದಿನಕ್ಕೆ 100 ಗ್ರಾಂ.

ಇಲ್ಲಿ ನನ್ನ ಎರಡನೇ ತಪ್ಪು. ಮೊದಲ ವಾರ ತೂಕ ಏರಲಿಲ್ಲ ಅಂತ ಫೋನಲ್ಲೇ “ಕಾಳು ಡಬಲ್ ಮಾಡು” ಅಂದೆ. ಒಂಬತ್ತು ತಿಂಗಳು ಹುಲ್ಲು ತಿಂದ ಹೊಟ್ಟೆ ಅದು. ಗೋವಿನಜೋಳ ಒಮ್ಮೆಲೇ ಬಿದ್ದರೆ ಒಳಗೆ ಹುಳಿಯೇಳುತ್ತದೆ. ಎರಡನೇ ದಿನ ಒಂದು ಟಗರು ಮೆಲುಕು ಹಾಕುವುದು ನಿಲ್ಲಿಸಿತು. ಸಗಣಿ ತೆಳ್ಳಗೆ, ಹುಳಿ ವಾಸನೆ. ತಲೆ ತಗ್ಗಿಸಿ ಹಲ್ಲು ಕಡಿಯುತ್ತಾ ನಿಂತಿತ್ತಂತೆ. ಡಾಕ್ಟರು ಬಂದು ಅಡುಗೆ ಸೋಡಾ ಕುಡಿಸಿ, ಸಲೈನ್ ಹಾಕುವಷ್ಟರಲ್ಲಿ ತಡವಾಗಿತ್ತು. “ನೀ ಅಲ್ಲಿಂದ ನಂಬರ್ ನೋಡ್ತೀ ಅಣ್ಣಾ, ನಾ ಇಲ್ಲಿ ಹೊಟ್ಟಿ ನೋಡ್ತೀನಿ. ಇನ್ನ ಮ್ಯಾಲ ಮೇವಿಂದು ನನಗ ಬಿಡು” ಅಂದ ತಮ್ಮ. ಬಿಟ್ಟೆ. ಅವನು ಮೊದಲು ಕಡಲೆ ಹೊಟ್ಟು ಹೊಟ್ಟೆ ತುಂಬ ಹಾಕಿ, ಆಮೇಲೆ 100 ಗ್ರಾಂ ಕಾಳು. ಮೂರ್ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸುತ್ತಾ ಮೂರು ವಾರದಲ್ಲಿ 400ಕ್ಕೆ ತಂದ. ಹಿಕ್ಕೆ ಉಂಡೆ ಉಂಡೆಯಾಗಿದ್ದರೆ ಏರಿಸುತ್ತಿದ್ದ, ಮೆತ್ತಗಾದರೆ ಅಲ್ಲೇ ನಿಲ್ಲಿಸುತ್ತಿದ್ದ. ಬಿಸಿಲಿಗೆ ತಿನ್ನಲ್ಲ ಅಂತ ಬೆಳಗಿನ ಜಾವಕ್ಕೆ ಅರ್ಧ, ಹೊತ್ತು ಮುಳುಗಿದ ಮೇಲೆ ಅರ್ಧ.

ನನ್ನ ಪಾಲಿಗೆ ಉಳಿದದ್ದು ಒಂದೇ ಲೆಕ್ಕ. ಒಂದು ಟಗರಿಗೆ ಕಾಳು, ಹೊಟ್ಟು ಸೇರಿ ದಿನಕ್ಕೆ 17 ರೂಪಾಯಿ. ಜೀವಂತ ತೂಕಕ್ಕೆ ಕೆಜಿಗೆ 400 ಸಿಕ್ಕರೂ, ದಿನಕ್ಕೆ 42 ಗ್ರಾಂಗಿಂತ ಕಡಿಮೆ ಏರಿದರೆ ಮೇವಿನ ದುಡ್ಡೇ ಹೊರಡುವುದಿಲ್ಲ. 100 ಗ್ರಾಂ ಎಂಬ ಗುರಿಗಿಂತ ಈ 42 ನನಗೆ ಮುಖ್ಯ ಅನ್ನಿಸಿತು. ಅದಕ್ಕಿಂತ ಕೆಳಗಿಳಿದ ಟಗರನ್ನು ಇಟ್ಟುಕೊಳ್ಳಬೇಕಾದರೆ ಹಬ್ಬ ಹತ್ತಿರವಿರಬೇಕು, ಇಲ್ಲದಿದ್ದರೆ ಮಾರಬೇಕು.

ಜೂನ್ 8ಕ್ಕೆ ಎರಡು ಟಗರು ಹೋದವು, 44 ಮತ್ತು 45 ಕೆಜಿ. ಎರಡೂ ಎರಡು ಹಲ್ಲಿನವು. ಒಂದೊಂದಕ್ಕೆ 20,500. ಮೂರನೆಯದೂ ಇದ್ದಿದ್ದರೆ ಅಂತ ಇಬ್ಬರೂ ಅಂದುಕೊಂಡೆವು, ಇಬ್ಬರೂ ಬಾಯಿಬಿಡಲಿಲ್ಲ.

ಆಮೇಲೆ ಕೂತು ಹಳೇ ಲೆಕ್ಕ ತೆಗೆದಾಗ ಒಂದು ಆಶ್ಚರ್ಯ. ಒಂಬತ್ತೂವರೆ ಸಾವಿರಕ್ಕೆ ಮಾರಿದ ಐದು ಮರಿಗಳಿಗೆ ಮೇವಿನ ಖರ್ಚು ಒಂದೊಂದಕ್ಕೆ ಎರಡು ಸಾವಿರದ ಒಳಗೇ ಇತ್ತು. ಅದು ನಷ್ಟವೇ ಅಲ್ಲ. ಟಗರಿಗೆ ಇನ್ನೂ 11 ಸಾವಿರ ಹೆಚ್ಚು ಬಂತು ನಿಜ, ಆದರೆ ಅದಕ್ಕೆ ಒಂದು ವರ್ಷ ಮೇಯಿಸಿದ ಕೂಲಿ ಹಿಡಿಯಬೇಕು, ಸತ್ತ ಒಂದನ್ನೂ ಹಿಡಿಯಬೇಕು. ಬೇಗ ಬೆಳೆಸಿದ ಮರಿ ಮಾಂಸದ ಪೇಟೆಯ ಸರಕು, ಹಲ್ಲು ಬಂದ ಟಗರು ಬಕ್ರೀದ್ ಸರಕು. ನಾನು ಮೊದಲನೆಯದನ್ನು ಬೆಳೆಸಿ ಎರಡನೆಯದರ ರೇಟು ಕೇಳಲು ಹೋಗಿದ್ದೆ.

ಈಗ ತಮ್ಮ ಎರಡು ಗುಂಪು ಮಾಡಿದ್ದಾನೆ. ಅಕ್ಟೋಬರ್‌ನಲ್ಲಿ ಹುಟ್ಟಿದವಕ್ಕೆ ಕ್ರೀಪ್, ಯುಗಾದಿಗೆ ಮುಂಚೆ ಮಾರಾಟ. ಯುಗಾದಿಯ ಮಾರನೇ ದಿನ ಬೆಂಗಳೂರು, ಮಂಡ್ಯ ಕಡೆ ಹೊಸತೊಡಕು. ಅಲ್ಲಿ ಮಟನ್ ಅಂಗಡಿ ಮುಂದೆ ಕ್ಯೂ ನಿಲ್ಲುವವರು ಹಲ್ಲು ನೋಡುವುದಿಲ್ಲ. ಯುಗಾದಿ ಎಷ್ಟು ಹಿಂದೆಮುಂದೆ ಆದರೂ ಮಾರ್ಚ್-ಏಪ್ರಿಲ್ ಬಿಟ್ಟು ಹೋಗಲ್ಲ. ಬಕ್ರೀದ್ ಹಾಗಲ್ಲ, ವರ್ಷಕ್ಕೆ ಹತ್ತು-ಹನ್ನೆರಡು ದಿನ ಹಿಂದೆ ಸರಿಯುತ್ತದೆ: 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಕುರಿ ಈಯುವ ಕಾಲ ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಕೊಬ್ಬಿಸುವ 80 ದಿನವೂ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತಿದೆ. ಆ ದಿನಾಂಕಗಳನ್ನು ಮುಂದಿನ ಐದು ವರ್ಷಕ್ಕೆ ಶೀಟಿನಲ್ಲಿ ಹಾಕಿ ಕೊಟ್ಟಿದ್ದೇನೆ.

ಹೊಸ ಕಾಲಂ ಒಂದು ಸೇರಿದೆ: ‘ಹಲ್ಲು’. ಅದನ್ನು ತುಂಬುವವನು ತಮ್ಮ.