ಅಳಿಸಿ ಬರೆದ 1.09

ಪಾಠಾಭ್ಯಾಸದ ಮೂರನೆಯ ವಾರ, ದ್ವಿತೀಯ ಪಿಯುಸಿ ಎಲೆಕ್ಟ್ರಾನಿಕ್ಸ್ ತರಗತಿಗೆ ಆಪ್-ಆಂಪ್ ಕಂಪ್ಯಾರೇಟರ್ ಪಾಠ ಮಾಡಬೇಕಾಗಿತ್ತು. ಪೀಠಿಕೆಗೆ ಅಗಡಿಯ ನಮ್ಮ ಮನೆಯ ನೀರಿನ ಟ್ಯಾಂಕನ್ನೇ ತೆಗೆದುಕೊಂಡೆ. "ಟ್ಯಾಂಕ್ ತುಂಬಿದಾಗ ಪಂಪು ನಿಂತಿತು. ಒಂದು ಚೊಂಬು ನೀರು ಇಳಿದ ಕೂಡಲೇ ಮತ್ತೆ ಶುರುವಾದರೆ?" ಎಂದು ಕೇಳಿದೆ. "ಮೋಟಾರ್ ಸುಟ್ಟು ಹೋಗ್ತೈತ್ರಿ ಸರ್" ಎಂದರು ಮಕ್ಕಳು. ನಿಲ್ಲಿಸಲು ಒಂದು ಮಟ್ಟ, ಶುರುಮಾಡಲು ಅದಕ್ಕಿಂತ ಕೆಳಗಿನ ಇನ್ನೊಂದು ಮಟ್ಟ ಬೇಕು ಎಂಬುದು ಅವರಿಗೇ ಹೊಳೆಯಿತು.

ಆಮೇಲೆ 741 ಐಸಿಯ ಮಂಡಲ ಬರೆದೆ. ಇನ್‌ಪುಟ್ ಮೈನಸ್ ತುದಿಗೆ. ಪ್ಲಸ್ ತುದಿಯಿಂದ ಗ್ರೌಂಡಿಗೆ 10 ಕಿಲೋ ಓಮ್ ರೋಧ, ಔಟ್‌ಪುಟ್‌ನಿಂದ ಪ್ಲಸ್ ತುದಿಗೆ 100 ಕಿಲೋ ಓಮ್ ರೋಧ. ಹೀಗಾಗಿ ಔಟ್‌ಪುಟ್‌ನ ಹನ್ನೊಂದರಲ್ಲಿ ಒಂದು ಭಾಗ ಪ್ಲಸ್ ತುದಿಗೆ ಮರಳುತ್ತದೆ. ಅದೇ ಹೊಸ್ತಿಲ ವೋಲ್ಟೇಜ್. ಪೂರೈಕೆ ±12 ವೋಲ್ಟ್ ಇದ್ದುದರಿಂದ 12/11 ಎಂದು ಲೆಕ್ಕ ಹಾಕಿ, ಹೊಸ್ತಿಲುಗಳು +1.09 ಮತ್ತು −1.09, ಹಿಸ್ಟೆರಿಸಿಸ್ ಅಗಲ 2.18 ವೋಲ್ಟ್ ಎಂದು ಹಲಗೆಯ ಮೇಲೆ ಬರೆದುಬಿಟ್ಟೆ.

ಪ್ರಯೋಗದಲ್ಲಿ ಪೊಟೆನ್ಶಿಯೋಮೀಟರ್ ನಿಧಾನವಾಗಿ ತಿರುಗಿಸಿ, ಔಟ್‌ಪುಟ್ ಹಾರಿದ ಕ್ಷಣದ ಇನ್‌ಪುಟ್ ಓದಬೇಕಿತ್ತು. ಎಲ್ಲರ ಪಟ್ಟಿಯಲ್ಲೂ 1.09! ಸಂತೋಷಪಟ್ಟೆ. ಆದರೆ ಹಿಂದಿನ ಬೆಂಚಿನ ಒಬ್ಬಳ ಪುಟದಲ್ಲಿ ರಬ್ಬರಿನ ಗುರುತಿನಡಿ 1.00 ಮತ್ತು −0.91 ಮಸುಕಾಗಿ ಕಾಣುತ್ತಿದ್ದವು. ಕೇಳಿದೆ. "ಮೀಟರ್ ತಪ್ಪು ತೋರ್ಸಾಕತ್ತೈತ್ರಿ ಸರ್, ಅದಕ್ಕ ಹಲಗಿ ನೋಡಿ ತಿದ್ದಿದ್ನಿ" ಎಂದಳು.

ತಪ್ಪಿದ್ದದ್ದು ಮೀಟರಲ್ಲ, ನನ್ನ ಹಲಗೆ. 741ರ ಔಟ್‌ಪುಟ್ ಪೂರೈಕೆಯ ತುದಿಯವರೆಗೆ ಹೋಗುವುದಿಲ್ಲ. ಅದಕ್ಕೂ ಒಂದೆರಡು ವೋಲ್ಟ್ ಮೊದಲೇ ನಿಲ್ಲುತ್ತದೆ. ಅವಳ ಕೈಯಿಂದಲೇ ಅಳೆಸಿದೆ: ಮೇಲೆ +11.0, ಕೆಳಗೆ −10.0. ಹನ್ನೊಂದರಿಂದ ಭಾಗಿಸಿದರೆ +1.00 ಮತ್ತು −0.91. ಅಗಲ, 21/11, ಅಂದರೆ 1.91 ವೋಲ್ಟ್. ಎರಡು ಹೊಸ್ತಿಲು ಸೊನ್ನೆಯಿಂದ ಸಮದೂರದಲ್ಲಿ ಇಲ್ಲದಿರುವುದಕ್ಕೂ ಕಾರಣ ಸಿಕ್ಕಿತು: ಔಟ್‌ಪುಟ್‌ನ ಎರಡು ಮಿತಿಗಳೇ ಸಮವಾಗಿಲ್ಲ.

ಮರುದಿನ ಹಲಗೆಯ ಲೆಕ್ಕವನ್ನು ಎಲ್ಲರೆದುರು ತಿದ್ದಿದೆ. ಇನ್‌ಪುಟ್ +1.00 ದಾಟಿದಾಗ ಔಟ್‌ಪುಟ್ ಕೆಳಗೆ ಬೀಳುತ್ತದೆ, ಜೊತೆಗೆ ಹೊಸ್ತಿಲೂ −0.91ಕ್ಕೆ ಸರಿಯುತ್ತದೆ. ಆದ್ದರಿಂದ ಇನ್‌ಪುಟ್ 0.9ಕ್ಕೆ ಮರಳಿದರೂ ಏನೂ ಆಗದು. ಇನ್‌ಪುಟ್‌ನಲ್ಲಿನ ಗದ್ದಲದ ಏರಿಳಿತ ಈ 1.91 ವೋಲ್ಟ್‌ಗಿಂತ ಕಡಿಮೆ ಇದ್ದಷ್ಟು ಕಾಲ ಔಟ್‌ಪುಟ್ ಪಟಪಟನೆ ಹಾರಾಡುವುದಿಲ್ಲ. 100 ಕಿಲೋ ಓಮ್ ರೋಧ ಕಿತ್ತು ನೋಡಿದಾಗ, ಸೊನ್ನೆಯ ಹತ್ತಿರ ಅದೇ ಹಾರಾಟ ಕಂಡಿತು.

ನನ್ನ ಪಾಠಯೋಜನೆಯಲ್ಲಿ ಈಗ ಎರಡು ಬದಲಾವಣೆಗಳಿವೆ. ಮೊದಲು ಔಟ್‌ಪುಟ್‌ನ ಎರಡೂ ಮಿತಿ ಅಳೆಯುವುದು, ನಂತರವೇ ಲೆಕ್ಕ. ಮತ್ತು ವಾಚನಗಳ ಪಟ್ಟಿಯನ್ನು ಪೆನ್ನಿನಲ್ಲೇ ಬರೆಯುವುದು.