ಕೆಲಸ ಸಿಗದಾಗ ಕೇಳಬೇಕಾದ ಒಂದು ಪ್ರಶ್ನೆ

ಶಾಲೆಗಳು ಮರು ಆರಂಭವಾಗುವ ಮುನ್ನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಖಾಸಗಿ ಶಾಲೆಗಳಲ್ಲಿ ಶಿಕ್ಷಕರ ಸಂದರ್ಶನಗಳು ನಡೆಯುತ್ತವೆ. ನಮ್ಮಲ್ಲಿ ಓದಿ, ಮುಂದೆ ಬಿ.ಎಡ್. ಮುಗಿಸಿದ ತರುಣ ತರುಣಿಯರೂ ಅಲ್ಲಿಗೆ ಹೋಗುತ್ತಾರೆ. ಆಯ್ಕೆಯಾಗದವರ ಮೊಬೈಲಿಗೆ ‘ಈ ಬಾರಿ ಆಗಲಿಲ್ಲ’ ಎಂಬ ಒಂದು ಸಾಲು ಬರುತ್ತದೆ, ಕಾರಣ ಬರುವುದಿಲ್ಲ. ಕಾರಣವನ್ನು ಕೇಳಬಹುದೆಂಬುದೇ ಹಲವರಿಗೆ ಹೊಳೆಯುವುದಿಲ್ಲ. ಕೇಳುವವರೋ, ಹೆಚ್ಚಾಗಿ ತಕರಾರಿನ ಧಾಟಿಯಲ್ಲಿ ಕೇಳುತ್ತಾರೆ.

ರಾಯಬಾಗ ತಾಲೂಕಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಿಪ್ಪಾಣಿ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಶಿಕ್ಷಕನ ಹುದ್ದೆಗೆ ಇಪ್ಪತ್ತು ನಿಮಿಷದ ಮಾದರಿ ಪಾಠ ಮಾಡಿ ಬಂದಿದ್ದ. ಆಯ್ಕೆಯಾಗಲಿಲ್ಲ. “ಹಜರತ್, ನನ್ನ್ಯಾಗ ಏನ್ ಕಮ್ಮಿ ಇತ್ತು ಅಂತ ಕೇಳಬೇಕಲ್ರಿ?” ಎಂದು ತಾನು ಬರೆದ ಸಂದೇಶವನ್ನು ತೋರಿಸಿದ. ತನ್ನ ಅಂಕಗಳು, ತನಗಿಂತ ಕಡಿಮೆ ಅಂಕದವರನ್ನು ತೆಗೆದುಕೊಂಡ ಸುದ್ದಿ, ಕೊನೆಗೆ ‘ನನ್ನನ್ನು ಏಕೆ ಬಿಟ್ಟಿರಿ?’ ಎಂಬ ಪ್ರಶ್ನೆ, ಎಲ್ಲವೂ ಅದರಲ್ಲಿತ್ತು. ಓದಿದ ಮುಖ್ಯೋಪಾಧ್ಯಾಯರಿಗೆ ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಲು ಕರೆ ಬಂದಂತೆ ತೋರುತ್ತಿತ್ತೇ ಹೊರತು ಸಲಹೆ ಕೇಳಿದಂತಲ್ಲ. ಹಾಗೆ ಕೇಳಿದರೆ ‘ಇನ್ನೂ ಉತ್ತಮರು ಬಂದಿದ್ದರು’ ಎಂಬ ಸೌಜನ್ಯದ ಉತ್ತರವೇ ಗತಿ.

ಒಂದು ದಿನ ಬಿಟ್ಟು, ಸಿಟ್ಟು ಇಳಿದ ಮೇಲೆ, ಇಬ್ಬರೂ ಕೂಡಿ ಹೀಗೆ ಬರೆದೆವು:

“ಮಾನ್ಯ ಗುರುಗಳೇ, ನಮಸ್ಕಾರ. ಕನ್ನಡ ಶಿಕ್ಷಕ ಹುದ್ದೆಯ ಫಲಿತಾಂಶವನ್ನು ತಿಳಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ತೀರ್ಮಾನವನ್ನು ಗೌರವಿಸುತ್ತೇನೆ, ಅದನ್ನು ಬದಲಿಸಲು ಕೇಳುತ್ತಿಲ್ಲ. ನನ್ನ ಮಾದರಿ ಪಾಠವನ್ನು ಕಂಡವರು ನೀವು. ಮುಂದಿನ ಸಂದರ್ಶನಕ್ಕೆ ಮುನ್ನ ಅದರಲ್ಲಿ ನಾನು ತಿದ್ದಿಕೊಳ್ಳಬೇಕಾದ ಒಂದು ಸಂಗತಿಯನ್ನು ಹೇಳುವಿರಾ? ಕಟುವಾಗಿದ್ದರೂ ಉಪಕಾರವೆಂದೇ ತಿಳಿಯುತ್ತೇನೆ. ಬಿಡುವಿಲ್ಲದಿದ್ದರೆ ಉತ್ತರಿಸದಿದ್ದರೂ ಬೇಸರವಿಲ್ಲ.”

ಇಲ್ಲಿ ‘ಒಂದು ಸಂಗತಿ’ ಎಂಬುದೇ ಮುಖ್ಯ. ‘ನನ್ನ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದರೆ ಓದುಗನು ಎಲ್ಲಿಂದ ಆರಂಭಿಸಬೇಕು? ಮಾದರಿ ಪಾಠವನ್ನೇ ಹೆಸರಿಸಿ ಒಂದನ್ನೇ ಕೇಳಿದರೆ, ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ತೀರ್ಮಾನವನ್ನು ಬದಲಿಸಲು ಕೇಳುತ್ತಿಲ್ಲವೆಂಬ ಮಾತು ವಾಗ್ವಾದದ ಭಯವನ್ನು ಕಳೆಯುತ್ತದೆ. ‘ಕಟುವಾಗಿದ್ದರೂ’ ಎಂಬ ಮಾತಿಲ್ಲದಿದ್ದರೆ ನಮ್ಮ ಕಡೆಯ ಹಿರಿಯರು ಸಂಕೋಚದಿಂದ ಸತ್ಯವನ್ನು ನುಂಗಿಕೊಳ್ಳುತ್ತಾರೆ. ಸಲಹೆ ಕೇಳಲ್ಪಟ್ಟವನ ಮೇಲೆ ಅಮಾನತಿನ ಹೊಣೆಯಿದೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆ ಹೊಣೆಯನ್ನು ಅವನು ಭಯವಿಲ್ಲದೆ ತೀರಿಸುವಂತೆ ಕೇಳುವುದು ಕೇಳುವವನ ಪಾಲಿನ ಕೆಲಸ.

ಉತ್ತರ ಬಾರದಿದ್ದರೆ ಮತ್ತೆ ಕೇಳಬಾರದು, ಪರಿಚಯದವರಿಂದ ಒತ್ತಡ ಹೇರಿಸುವುದಂತೂ ಕೂಡದು. ಒಳಗಿನವರಿಗೆ ಮೊದಲೇ ನಿಗದಿಯಾದ ಹುದ್ದೆಗಳೂ ಇರುತ್ತವೆ. ಅದನ್ನು ಯಾರೂ ಬರೆದು ಹೇಳುವುದಿಲ್ಲ. ಸರ್ಕಾರಿ ಪರೀಕ್ಷೆಗಳ ಹಾದಿ ಬೇರೆ. ಅಲ್ಲಿ ವಿನಯದ ಪತ್ರಕ್ಕಿಂತ ಮಾಹಿತಿ ಹಕ್ಕಿನ ಅರ್ಜಿಯೇ ಸರಿ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡಲು ಪರೀಕ್ಷಾರ್ಥಿಗೆ 2005ರ ಆ ಕಾಯ್ದೆಯಡಿ ಅವಕಾಶವಿದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತ್ತು.

ನಮ್ಮ ಹುಡುಗನಿಗೆ ಮೂರನೆಯ ದಿನ ಉತ್ತರ ಬಂತು. ಪಾಠದ ಸಿದ್ಧತೆ ಚೆನ್ನಾಗಿತ್ತು, ಆದರೆ ಪ್ರಶ್ನೆ ಕೇಳಿ ಮಕ್ಕಳು ಬಾಯಿ ತೆರೆಯುವ ಮೊದಲೇ ನೀವೇ ಉತ್ತರ ಹೇಳಿದಿರಿ ಎಂದಿದ್ದರು ಮುಖ್ಯೋಪಾಧ್ಯಾಯರು. ಅವರು ಒಂದಕ್ಕೆ ಇನ್ನೊಂದನ್ನೂ ಸೇರಿಸಿದ್ದರು: ತರಗತಿಯ ಅರ್ಧದಷ್ಟು ಮಕ್ಕಳು ಮನೆಯಲ್ಲಿ ಮರಾಠಿ ಆಡುವವರು, ನಿಮ್ಮ ಗ್ರಂಥದ ಕನ್ನಡ ಅವರಿಗೆ ಮುಟ್ಟಲಿಲ್ಲ. ಗಡಿಭಾಗದ ಶಾಲೆಯನ್ನು ಬಲ್ಲವರ ಮಾತು ಇದು. ಯಾವ ಪ್ರಮಾಣಪತ್ರದಲ್ಲೂ ಸಿಗುವುದಿಲ್ಲ.

ಹುಡುಗನ ಕೈ ಮೊಬೈಲಿನತ್ತ ಹೋಯಿತು. ಸಮಯ ಕಡಿಮೆಯಿತ್ತು, ಅದಕ್ಕೇ ತಾನೇ ಉತ್ತರ ಹೇಳಬೇಕಾಯಿತು ಎಂದು ಬರೆಯುವವನಿದ್ದ. ಬೇಡವೆಂದೆವು. ಸಮಜಾಯಿಷಿ ಕೊಟ್ಟರೆ ಆ ಹಿರಿಯರು ಇನ್ನೊಬ್ಬ ಅಭ್ಯರ್ಥಿಗೆ ಹೀಗೆ ಬರೆಯುವ ಮುನ್ನ ಎರಡು ಸಲ ಯೋಚಿಸಿಯಾರು. “ಎರಡೂ ಮಾತು ಅರ್ಥವಾದವು ಗುರುಗಳೇ, ತುಂಬ ಉಪಕಾರವಾಯಿತು” ಎಂದಷ್ಟೇ ಕಳುಹಿಸಿದ. ಆ ವಾರವೇ ಓಣಿಯ ಏಳೆಂಟು ಮಕ್ಕಳನ್ನು ಕೂಡಿಸಿಕೊಂಡು ಅದೇ ಪಾಠವನ್ನು ಮತ್ತೆ ಮಾಡಿದ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ಸುಮ್ಮನಿರುತ್ತಿದ್ದ. ನಾವು ಹಿಂದೆ ಕುಳಿತು ನೋಡಿದೆವು. ಆರು ಏಳು ಎಣಿಸುವಷ್ಟರಲ್ಲಿ ಯಾವುದಾದರೊಂದು ಮಗು ಮಾತನಾಡುತ್ತಿತ್ತು.