ಮೊದಲ ತುತ್ತಿನ ಜೊತೆ

ಹಸಿವಿಗೆ, ರುಚಿಗೆ, ಉಂಡ ತೃಪ್ತಿಗೆ ನಮ್ಮ ಭಾಷೆಯಲ್ಲಿ ಬೇಕಾದಷ್ಟು ಮಾತುಗಳಿವೆ. ಉಂಡದ್ದು ಮೈಗೆ ಹತ್ತದೆ ಹಾಗೆಯೇ ಹೊರಗೆ ಹೋಗುತ್ತಿದೆ ಎಂದು ಹೇಳಬೇಕಾದಾಗ ಮಾತ್ರ ನಾವು ತಡವರಿಸುತ್ತೇವೆ. "ಹೊಟ್ಟೆ ಸರಿಯಿಲ್ಲ" ಎಂಬ ಎರಡು ಪದಗಳಲ್ಲಿ ಅಜೀರ್ಣ, ಗ್ಯಾಸು, ಭೇದಿ ಎಲ್ಲವೂ ಅಡಗಿ ಕೂತುಬಿಡುತ್ತವೆ. ಪುತ್ತೂರಿನ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಭಾವ ಸುಮಾರು ಎರಡು ವರ್ಷ ಈ ಎರಡು ಪದಗಳ ಮರೆಯಲ್ಲೇ ಇದ್ದರು. ಎಪ್ಪತ್ತೊಂದು ಕಿಲೋ ಇದ್ದವರು ಐವತ್ತನಾಲ್ಕಕ್ಕೆ ಇಳಿದಿದ್ದರು. ಊಟ ಕಡಿಮೆಯಾಗಿರಲಿಲ್ಲ, ಮೊದಲಿಗಿಂತ ಒಂದು ಹಿಡಿ ಹೆಚ್ಚೇ ಉಣ್ಣುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತಲ್ಲ, ಅದಕ್ಕೇ ಇಳಿದಿದ್ದಾರೆ ಎಂದು ಮನೆಯವರು ಅಂದುಕೊಂಡರು. ಒಂದು ತೊಟ್ಟೂ ಕುಡಿಯದ ಮನುಷ್ಯನ ಬಗ್ಗೆ "ಗುಟ್ಟಾಗಿ ಕುಡಿಯುತ್ತಾರಂತೆ" ಎಂದು ಊರಿನವರು ಆಡಿಕೊಂಡದ್ದು ಅಕ್ಕನ ಕಿವಿಗೂ ಬಿತ್ತು.

ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ತುಂಬ ಸಣ್ಣ ಸಣ್ಣ ಕಲ್ಲುಗಳಿರುವುದು ಕಂಡಿತು. ಕುಡಿತದಿಂದ ಹೀಗಾಗುವುದು ನಿಜ, ಆದರೆ ಕುಡಿಯದವರಿಗೂ ಆಗುತ್ತದೆ. ಕೇರಳದ ವೈದ್ಯ ಗೀವರ್ಗೀಸ್ ಅವರು 1960ರ ದಶಕದಲ್ಲೇ ಇಂಥ ನೂರಾರು ರೋಗಿಗಳನ್ನು ಕಂಡು ಬರೆದಿದ್ದರು: ಕುಡಿತವಿಲ್ಲ, ಗ್ರಂಥಿಯಲ್ಲಿ ಕಲ್ಲು, ಜೊತೆಗೆ ಸಕ್ಕರೆ ಕಾಯಿಲೆ. ಮಂಗಳೂರಿನ ಹೊಟ್ಟೆ ತಜ್ಞರು ಇದನ್ನು ಹೇಳಿದಾಗ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಯಿಲೆಯ ಭಯಕ್ಕಿಂತ, ಗಂಡನ ಮೇಲಿನ ಮಾತು ಸುಳ್ಳಾಯಿತಲ್ಲ ಎಂಬ ನೆಮ್ಮದಿಯೇ ಆ ಹೊತ್ತಿಗೆ ದೊಡ್ಡದಿತ್ತು.

ಅವತ್ತು ಡಾಕ್ಟರು ಭಾವನನ್ನು ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ. "ಕಕ್ಕಸಿಗೆ ಹೋದ ಮೇಲೆ ಎಷ್ಟು ಬಕೆಟ್ ನೀರು ಹಾಕ್ತೀರಿ?" ಭಾವ ತಲೆ ತಗ್ಗಿಸಿದರು. ಉತ್ತರ ಅಕ್ಕನಿಂದ ಬಂತು: "ಮೂರಾದರೂ ಬೇಕು ಡಾಕ್ಟ್ರೇ. ಆಮೇಲೂ ಬ್ರಶ್ ಹಾಕಿ ಉಜ್ಜಬೇಕು." ಒಂದು ಪ್ರಯೋಗಶಾಲೆ ಹೇಳುವುದರಲ್ಲಿ ಅರ್ಧದಷ್ಟನ್ನು ಆ ಒಂದು ವಾಕ್ಯ ಹೇಳಿಬಿಟ್ಟಿತು. ಜೀರ್ಣವಾಗದ ಕೊಬ್ಬು ಮಲದಲ್ಲಿದ್ದರೆ ಅದು ಬಣ್ಣಗೆಟ್ಟು ಮಸುಕು ಹಳದಿಯಾಗಿರುತ್ತದೆ, ಪ್ರಮಾಣ ಹೆಚ್ಚಿರುತ್ತದೆ, ಜಿಡ್ಡುಜಿಡ್ಡಾಗಿ ಪಾತ್ರೆಗೆ ಅಂಟುತ್ತದೆ, ನೀರಿನ ಮೇಲೆ ಎಣ್ಣೆಯ ಪದರ ಕಾಣುತ್ತದೆ. ವಾಸನೆಯಂತೂ ಬೇರೆಯೇ. ತೇಲುವುದನ್ನೇ ದೊಡ್ಡ ಗುರುತೆಂದು ಹಲವರು ನಂಬುತ್ತಾರೆ, ಆದರೆ ಗಾಳಿ ಸೇರಿದರೆ ಆರೋಗ್ಯವಂತರದ್ದೂ ತೇಲುತ್ತದೆ. ಅಂಟುವುದು, ಜಿಡ್ಡು, ತೂಕ ಇಳಿಯುವುದು ಇವು ಒಟ್ಟಿಗೆ ಬಂದರೆ ಗಮನಿಸಬೇಕು.

ಇನ್ನೊಂದು ಗುರುತನ್ನು ನಾವು ಯಾರೂ ಹೊಟ್ಟೆಗೆ ಜೋಡಿಸಿರಲಿಲ್ಲ. ಮುಸ್ಸಂಜೆ ಹಟ್ಟಿಗೆ ಹೋಗುವಾಗ ಭಾವ ಮೆಟ್ಟಿಲು ಎಡವುತ್ತಿದ್ದರು. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನ ಜೊತೆಯಲ್ಲೇ ಮೈಗೆ ಸೇರಬೇಕು. ಕೊಬ್ಬು ಸೇರದಿದ್ದರೆ ಅವೂ ಹೊರಟುಹೋಗುತ್ತವೆ. ಎ ಕಡಿಮೆಯಾದರೆ ಮಬ್ಬು ಬೆಳಕಿನಲ್ಲಿ ಕಣ್ಣು ಕಾಣದು, ಡಿ ಕಡಿಮೆಯಾದರೆ ಮೂಳೆ ಸೊರಗುತ್ತದೆ. ರಕ್ತ ಪರೀಕ್ಷೆಯಲ್ಲಿ ಎರಡೂ ಕಡಿಮೆಯಿದ್ದವು. ಮಲದಲ್ಲಿ ಎಲಾಸ್ಟೇಸ್ ಎಂಬ ಕಿಣ್ವವನ್ನು ಅಳೆಯುವ ಪರೀಕ್ಷೆಯೊಂದಿದೆ. ಒಂದು ಗ್ರಾಮಿಗೆ 200 ಮೈಕ್ರೋಗ್ರಾಮಿಗಿಂತ ಹೆಚ್ಚಿದ್ದರೆ ಸರಿ, 100ಕ್ಕಿಂತ ಕಡಿಮೆಯಿದ್ದರೆ ಗ್ರಂಥಿ ಬಹಳ ಸೋತಿದೆ ಎಂದು ಅರ್ಥ. ಭಾವನದು 38 ಬಂತು.

ಮೇದೋಜೀರಕ ಎಂಬ ಹೆಸರನ್ನು ಒಡೆದು ನೋಡಿದರೆ ಕೆಲಸ ಅದರಲ್ಲೇ ಇದೆ. ಮೇದಸ್ಸು ಎಂದರೆ ಕೊಬ್ಬು, ಅದನ್ನು ಜೀರ್ಣಿಸುವುದು ಮೇದೋಜೀರಕ. ಯುರೋಪಿನಲ್ಲಿ ಈ ಕೆಲಸವನ್ನು ಕಣ್ಣಾರೆ ತೋರಿಸಿಕೊಟ್ಟವನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್, 1840ರ ದಶಕದಲ್ಲಿ. ಮೊಲದ ಕರುಳಿನಲ್ಲಿ ಪಿತ್ತರಸ ಮೊದಲು ಬಂದು ಸೇರುತ್ತದೆ. ಮೇದೋಜೀರಕ ರಸದ ನಾಳ ತೆರೆದುಕೊಳ್ಳುವುದು ಅಲ್ಲಿಂದ ಒಂದಡಿಯಷ್ಟು ಕೆಳಗೆ. ಕೊಬ್ಬು ತಿಂದ ಮೊಲವನ್ನು ಪರೀಕ್ಷಿಸಿದಾಗ, ಕರುಳಿನಿಂದ ಕೊಬ್ಬನ್ನು ಹೊತ್ತೊಯ್ಯುವ ಸಣ್ಣ ನಾಳಗಳು ಆ ಎರಡನೆಯ ಬಾಗಿಲು ದಾಟಿದ ಮೇಲಷ್ಟೇ ಹಾಲಿನಂತೆ ಬೆಳ್ಳಗಾಗಿದ್ದವು. ಅಂದರೆ ಕೊಬ್ಬು ಮತ್ತು ರಸ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಭೇಟಿಯಾಗಬೇಕು, ಇಲ್ಲವಾದರೆ ಕೊಬ್ಬು ಹಾಗೆಯೇ ಮುಂದೆ ಸಾಗುತ್ತದೆ. ಭಾವನ ಕತೆ ತಿರುಗುವುದೂ ಈ ಭೇಟಿಯ ಮೇಲೆಯೇ.

ಮಂಗಳೂರಿಗೆ ಹೋಗುವ ಮೊದಲೇ, ಸ್ಕ್ಯಾನ್ ನೋಡಿದ ಇನ್ನೊಬ್ಬ ವೈದ್ಯರು ಅವರಿಗೆ ಕಿಣ್ವದ ಕ್ಯಾಪ್ಸೂಲ್ ಬರೆದಿದ್ದರು. ನಾಲ್ಕು ತಿಂಗಳು ನುಂಗಿಯೂ ಏನೂ ಬದಲಾಗಿರಲಿಲ್ಲ. "ದುಡ್ಡು ದಂಡ, ಇದು ನನಗೆ ಆಗುವ ಮದ್ದಲ್ಲ" ಎಂದು ಭಾವ ತೀರ್ಮಾನಿಸಿದ್ದರು. ಮಂಗಳೂರಿನಲ್ಲಿ ಡಯಟೀಶಿಯನ್ ಹುಡುಗಿ ಮದ್ದಿನ ಹೆಸರು ಕೇಳಲಿಲ್ಲ. "ನಿನ್ನೆ ಮಧ್ಯಾಹ್ನದ ಊಟ ಹೇಗೆ ಮಾಡಿದ್ರಿ ಸರ್? ಮೊದಲಿಂದ ಹೇಳಿ" ಎಂದಳು. ಭಾವ ಹೇಳಿದರು: ಅನ್ನ, ಸಾರು, ತೆಂಗಿನಕಾಯಿ ಹಾಕಿದ ಬೆಂಡೆಕಾಯಿ ಹುಳಿ, ಮಜ್ಜಿಗೆ. ಕೈ ತೊಳೆದು, ಜಗಲಿಗೆ ಬಂದು, ಎಲ್ಲ ಮಾತ್ರೆಗಳ ಜೊತೆ ಕ್ಯಾಪ್ಸೂಲ್ ಎರಡು. ಮದ್ದಿನಂಗಡಿಯ ಕಾಗದದ ಲಕೋಟೆಯ ಮೇಲೆ "ಊಟದ ನಂತರ" ಎಂದು ಬರೆದಿತ್ತು, ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಬೆಳಗಿನ ದೋಸೆಗೆ, ಸಂಜೆಯ ಚಕ್ಕುಲಿಗೆ ಲಕೋಟೆಯಲ್ಲಿ ಏನೂ ಬರೆದಿರಲಿಲ್ಲ, ಹಾಗಾಗಿ ಏನೂ ತೆಗೆದುಕೊಂಡಿರಲಿಲ್ಲ.

ಆ ಹುಡುಗಿ ಒಂದು ಕ್ಯಾಪ್ಸೂಲನ್ನು ತೆರೆದು ಬಿಳಿ ಕಾಗದದ ಮೇಲೆ ಸುರಿದಳು. ಗಸಗಸೆಗಿಂತ ತುಸು ದೊಡ್ಡ ಕಂದು ಕಾಳುಗಳು. ಹೊರಗಿನ ಕವಚ ಹೊಟ್ಟೆಯಲ್ಲಿ ಬೇಗ ಕರಗುತ್ತದೆ, ಕಾಳುಗಳು ಅನ್ನದ ಜೊತೆ ಕಲೆಯುತ್ತವೆ. ಪ್ರತಿ ಕಾಳಿಗೂ ಮತ್ತೊಂದು ಲೇಪವಿದೆ, ಅದು ಹೊಟ್ಟೆಯ ಆಮ್ಲದಲ್ಲಿ ಕರಗದು. ಅದು ಇಲ್ಲದಿದ್ದರೆ ಕೊಬ್ಬು ಕರಗಿಸುವ ಲೈಪೇಸ್ ಆಮ್ಲದಲ್ಲೇ ನಾಶವಾಗುತ್ತಿತ್ತು. ಆಮ್ಲ ತಗ್ಗುವ ಸಣ್ಣ ಕರುಳಿಗೆ ಬಂದ ಮೇಲೆ ಲೇಪ ಬಿಚ್ಚಿ ಕಿಣ್ವ ಕೆಲಸ ಶುರುಮಾಡುತ್ತದೆ. ಅದಕ್ಕೇ ಕ್ಯಾಪ್ಸೂಲನ್ನು ಜಗಿಯಬಾರದು, ಕಾಳುಗಳನ್ನು ಬಿಸಿ ಅನ್ನಕ್ಕೋ ಹಾಲಿಗೋ ಬೆರೆಸಬಾರದು. ಹಾಲಿನಲ್ಲಿ ಆಮ್ಲ ಬಹಳ ಕಡಿಮೆಯಾದ್ದರಿಂದ ಲೇಪ ಲೋಟದಲ್ಲೇ ಬಿಚ್ಚಿಕೊಳ್ಳುತ್ತದೆ. ಒಲೆಯ ಪಕ್ಕದ ಗೂಡಿನಲ್ಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಇಟ್ಟರೂ ಕಿಣ್ವ ಕೆಡುತ್ತದೆ.

"ಬಿಪಿ ಮಾತ್ರೆ ರಕ್ತಕ್ಕೆ ಸೇರಿ ಕೆಲಸ ಮಾಡ್ತದೆ ಸರ್, ಅದಕ್ಕೆ ಗಡಿಯಾರ ಸಾಕು. ಇದು ರಕ್ತಕ್ಕೆ ಸೇರುವುದೇ ಇಲ್ಲ, ಕರುಳಲ್ಲಿರುವ ಅನ್ನದ ಮೇಲೆ ಕೆಲಸ ಮಾಡ್ತದೆ. ಇದಕ್ಕೆ ತಟ್ಟೆಯೇ ಗಡಿಯಾರ" ಎಂದಳು. ಅರ್ಧ ಗಂಟೆ ಮೊದಲೇ ನುಂಗಿದರೆ ಕಾಳುಗಳು ಅನ್ನ ಬರುವ ಮೊದಲೇ ಮುಂದೆ ಹೋಗಿರಬಹುದು. ಉಂಡು ಮುಗಿದ ಮೇಲೆ ನುಂಗಿದರೆ ಅನ್ನ ಮುಂದೆ, ಕಾಳು ಹಿಂದೆ. ಮರೆತರೆ ಎರಡು ತಾಸಿನ ನಂತರ ಬರಿ ಹೊಟ್ಟೆಗೆ ನುಂಗಿ ಪ್ರಯೋಜನವಿಲ್ಲ, ಮುಂದಿನ ಊಟದ ಜೊತೆ ಅದಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು.

ಭಾವನ ಕ್ಯಾಪ್ಸೂಲ್ 25,000 ಯೂನಿಟ್ಟಿನದು. ಡಾಕ್ಟರು ಲೆಕ್ಕ ಬದಲಿಸಲಿಲ್ಲವೆಂದೇ ಹೇಳಬೇಕು, ಹೊತ್ತನ್ನು ಬದಲಿಸಿದರು. ಮೂರು ಮುಖ್ಯ ಊಟಕ್ಕೆ ಎರಡೆರಡು: ಒಂದು ಮೊದಲ ತುತ್ತಿನ ಜೊತೆ, ಇನ್ನೊಂದು ಊಟದ ನಡುವೆ, ತಣ್ಣೀರಿನಲ್ಲಿ. ಬೆಳಗಿನ ದೋಸೆ ಮತ್ತು ಕಾಯಿಚಟ್ನಿಯೂ ಮುಖ್ಯ ಊಟವೇ. ಸಂಜೆ ಚಕ್ಕುಲಿಗೋ ಒಂದು ಲೋಟ ಗಟ್ಟಿ ಹಾಲಿಗೋ ಒಂದು. ಬರೀ ಕಾಫಿಗೆ ಒಂದು ಗುಟುಕು ಹಾಲು ಬಿಟ್ಟರೆ, ಬಾಳೆಹಣ್ಣು ತಿಂದರೆ ಬೇಡ. ಅಕ್ಕ ತುಪ್ಪ, ತೆಂಗಿನಕಾಯಿಗಳನ್ನು ನಿಲ್ಲಿಸಿಬಿಟ್ಟಿದ್ದಳು. ಅದೂ ಬೇಡವೆಂದರು. ಸೊರಗಿದ ಮೈಗೆ ಕೊಬ್ಬು ಬೇಕು. ಕೊಬ್ಬನ್ನು ಕಡಿಯುವುದಲ್ಲ, ಅದಕ್ಕೆ ತಕ್ಕ ಕಿಣ್ವ ಕೊಡುವುದು ದಾರಿ.

ಮದುವೆಯ ಊಟದಲ್ಲಿ ಇದರ ಅರ್ಥ ಚೆನ್ನಾಗಿ ತಿಳಿಯಿತು. ಬಾಳೆಲೆಯಲ್ಲಿ ಕೋಸಂಬರಿಯಿಂದ ಶುರುವಾದದ್ದು ಮಜ್ಜಿಗೆಗೆ ಬಂದು ನಿಲ್ಲಲು ಮುಕ್ಕಾಲು ಗಂಟೆ ಬೇಕು. ಕೊಬ್ಬಿನ ಭಾಗ, ಅಂದರೆ ತುಪ್ಪ ಸುರಿದ ಹೋಳಿಗೆ, ಪಾಯಸ, ಬರುವುದು ನಡುವಿನಿಂದ ಆಚೆಗೆ. ಎಲ್ಲ ಕ್ಯಾಪ್ಸೂಲನ್ನು ಮೊದಲೇ ನುಂಗಿದರೆ ಹೋಳಿಗೆಯ ಹೊತ್ತಿಗೆ ಒಂದಷ್ಟು ಮುಂದೆ ಹೋಗಿರುತ್ತದೆ. ಭಾವ ಡಾಕ್ಟರನ್ನು ಕೇಳಿಕೊಂಡು ಅಂಥ ದಿನ ಮೂರು ಮಾಡಿಕೊಂಡರು: ಮೊದಲ ತುತ್ತಿಗೆ ಒಂದು, ಹುಳಿಯನ್ನದ ಹೊತ್ತಿಗೆ ಒಂದು, ಹೋಳಿಗೆ ಬಡಿಸಿದಾಗ ಒಂದು. ಪಕ್ಕದ ಎಲೆಯವರು "ಊಟದ ಮಧ್ಯೆ ಎಂಥ ಮಾತ್ರೆ ಮಾರಾಯ್ರೆ?" ಎಂದರೆ ಈಗ ಅವರು ಮುಚ್ಚಿಡುವುದಿಲ್ಲ, ಹೇಳುತ್ತಾರೆ.

ಮುಚ್ಚಿಟ್ಟದ್ದು ಒಂದೇ, ಅದೂ ಕೆಲವು ದಿನ. ಈ ಕಿಣ್ವ ಬರುವುದು ಹಂದಿಯ ಮೇದೋಜೀರಕದಿಂದ. ಮೊಟ್ಟೆಯೂ ಒಳಗೆ ಬಾರದ ಮನೆ ಅದು. ಗಿಡದಿಂದಲೋ ಬೂಷ್ಟಿನಿಂದಲೋ ಮಾಡಿದ ಕಿಣ್ವಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ಗ್ರಂಥಿ ಇಷ್ಟು ಸೋತವರಿಗೆ ಅವು ಇದರ ಜಾಗ ತುಂಬಲಾರವು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಭಾವ ಒಂದು ರಾತ್ರಿ ಯೋಚಿಸಿದರು. ಮರುದಿನ ತಾಯಿಯ ಎದುರು ಕೂತು, "ಅಪ್ಪ ಚುಚ್ಚಿಕೊಳ್ಳುತ್ತಿದ್ದ ಇನ್ಸುಲಿನ್ ಕೂಡ ಆ ಕಾಲದಲ್ಲಿ ಹಂದಿ, ದನದ ಇದೇ ಗ್ರಂಥಿಯಿಂದ ಬರುತ್ತಿದ್ದದ್ದು ಅಮ್ಮ" ಎಂದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಿಂದ ಅವರು ಹದಿನಾರು ವರ್ಷ ಬದುಕಿದರು" ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ಊಟಕ್ಕೆ ಕೂರುವಾಗ ನೀರಿನ ಲೋಟದ ಪಕ್ಕ ಆ ಡಬ್ಬಿ ಇಡುವವರು ಅವರೇ.

ಹತ್ತು ಹದಿನೈದು ದಿನದಲ್ಲಿ ಬಕೆಟ್ಟಿನ ಲೆಕ್ಕ ಮೂರರಿಂದ ಒಂದಕ್ಕೆ ಇಳಿಯಿತು. ಮೂರು ತಿಂಗಳಲ್ಲಿ ತೂಕ ನಾಲ್ಕು ಕಿಲೋ ಏರಿತು. ಜೊತೆಗೆ ಇನ್ನೊಂದೂ ಏರಿತು, ರಕ್ತದ ಸಕ್ಕರೆ. ಉಂಡದ್ದು ಈಗ ನಿಜವಾಗಿ ಒಳಗೆ ಸೇರುತ್ತಿತ್ತಲ್ಲ. ಡಾಕ್ಟರು ಇದನ್ನು ಮೊದಲೇ ಹೇಳಿ ವಾರಕ್ಕೆ ಮೂರು ಬಾರಿ ಪರೀಕ್ಷಿಸಲು ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ, ಇನ್ಸುಲಿನ್ ನಾಲ್ಕು ಯೂನಿಟ್ ಹೆಚ್ಚಿಸಿದರು. ಆಗಾಗ ಬೆನ್ನಿಗೆ ಹಾಯುವ ಹೊಟ್ಟೆನೋವು ಮಾತ್ರ ಹಾಗೆಯೇ ಇದೆ. ಅದಕ್ಕೆ ಕಿಣ್ವ ಮದ್ದಲ್ಲ. ಸರಿಯಾದ ಹೊತ್ತಿಗೆ ತೆಗೆದುಕೊಂಡೂ ಜಿಡ್ಡು ನಿಲ್ಲದಿದ್ದರೆ ಪ್ರಮಾಣ ಹೆಚ್ಚಿಸುವುದೋ, ಆಮ್ಲ ತಗ್ಗಿಸುವ ಮಾತ್ರೆ ಸೇರಿಸುವುದೋ, ಕರುಳಿನಲ್ಲಿ ಬೇರೆ ತೊಂದರೆ ಇದೆಯೋ ಎಂದು ಡಾಕ್ಟರು ನೋಡಬೇಕಾಗುತ್ತದೆ. ಮೊನ್ನೆ ಮುಸ್ಸಂಜೆ ನಾನು ಹೋದಾಗ ಭಾವ ಟಾರ್ಚ್ ಇಲ್ಲದೆ ಹಟ್ಟಿಯಿಂದ ಹಾಲಿನ ಚೊಂಬು ಹಿಡಿದು ಬರುತ್ತಿದ್ದರು.